ಮಾರ್ಕ್ಸ್ ತಿದ್ದುವ ಅಧಿಕಾರ ಯಾರದು?

ಆನ್‌ಲೈನ್ ಶಾಲೆಯ ತಂತ್ರಾಂಶ ಬರೆಯಲು ಕೂತವರು ಮೊದಲ ವಾರದಲ್ಲೇ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಒಳಗೆ ಬಂದವರಲ್ಲಿ ಯಾರು ಏನೇನು ಮಾಡಬಹುದು? ವಿದ್ಯಾರ್ಥಿ, ಶಿಕ್ಷಕ, ಆಡಳಿತಗಾರ ಎಂದು ಮೂರು ರೋಲ್ ಮಾಡಿ, ಹೆಚ್ಚಿನವರು ಕೊಡುವ ಉತ್ತರ ಇದು:

```
ROLE_ADMIN > ROLE_TEACHER
ROLE_TEACHER > ROLE_STUDENT
```

ಜಾವಾದಲ್ಲಿ ಕೆಲಸ ಮಾಡುವವರಿಗೆ ಪರಿಚಿತವಾದ ಸ್ಪ್ರಿಂಗ್ ಸೆಕ್ಯುರಿಟಿಯಲ್ಲಿ ಇದನ್ನು ಹೀಗೆ ಬರೆಯುತ್ತಾರೆ. ಎಡಗಡೆಯ ರೋಲ್ ಇದ್ದವರಿಗೆ ಬಲಗಡೆಯದೂ ಬಳುವಳಿಯಾಗಿ ಬರುತ್ತದೆ. ವಿದ್ಯಾರ್ಥಿ ನೋಡುವ ಪಾಠವನ್ನು ಶಿಕ್ಷಕರೂ ನೋಡಬೇಕು, ಶಿಕ್ಷಕರು ನೋಡುವುದನ್ನೆಲ್ಲ ಆಡಳಿತಗಾರರೂ ನೋಡಬೇಕು. ಒಂದೇ ಅನುಮತಿಯನ್ನು ಮೂರು ಕಡೆ ಬರೆಯುವ ತಾಪತ್ರಯ ತಪ್ಪಿತು. ಕಾಗದದ ಮೇಲೆ ಅಚ್ಚುಕಟ್ಟಾಗಿಯೇ ಇದೆ. ಆದರೆ ಶಾಲೆ ನಡೆಯತೊಡಗಿದ ಮೇಲೆ ಈ ಎರಡು ಸಾಲು ಕೊಡುವ ಕಾಟ ಸಣ್ಣದಲ್ಲ.

ಒಂಬತ್ತನೇ ತರಗತಿಯ ಗಣಿತವನ್ನು ತೆಗೆದುಕೊಳ್ಳೋಣ. ಹೋಂವರ್ಕ್ ಪುಟದಲ್ಲಿ ‘ಸಲ್ಲಿಸಿ’ ಎಂಬ ಬಟನ್ ಇದೆ, ಅದು ವಿದ್ಯಾರ್ಥಿ ರೋಲ್ ಇದ್ದವರಿಗೆ ಮಾತ್ರ ಕಾಣಬೇಕು. ಗಣಿತದ ಮೇಡಂ ಲಾಗಿನ್ ಆದರೆ ಅವರಿಗೂ ಕಾಣುತ್ತದೆ, ಏಕೆಂದರೆ ಬಳುವಳಿಯ ಲೆಕ್ಕದಲ್ಲಿ ಅವರೂ ವಿದ್ಯಾರ್ಥಿಯೇ. ಪುಟ ಸರಿಯಾಗಿದೆಯೇ ನೋಡೋಣವೆಂದು ಅವರು ಒಮ್ಮೆ ಒತ್ತಿದರೆ ಅವರ ಹೆಸರಿನಲ್ಲೂ ಒಂದು ಉತ್ತರ ಪತ್ರಿಕೆ ದಾಖಲಾಗುತ್ತದೆ, ತರಗತಿಯ ಸರಾಸರಿ ಅಂಕ ಏರುಪೇರಾಗುತ್ತದೆ. ಹೋಂವರ್ಕ್ ಕೊಡದವರ ಪಟ್ಟಿಯನ್ನೂ ಇದೇ ಲೆಕ್ಕದಲ್ಲಿ ತಯಾರಿಸಿದ್ದರೆ ಅದರಲ್ಲಿ ಶಾಲೆಯ ಎಲ್ಲ ಶಿಕ್ಷಕರ ಹೆಸರೂ ಬರುತ್ತದೆ, ಸಂಜೆ ಅವರೆಲ್ಲರ ಫೋನಿಗೆ ಎಚ್ಚರಿಕೆಯ ಮೆಸೇಜ್ ಹೋಗುತ್ತದೆ.

ಆಗ ಪ್ರೋಗ್ರಾಮರ್ ಒಂದು ತೇಪೆ ಹಾಕುತ್ತಾನೆ: ‘ವಿದ್ಯಾರ್ಥಿಯಾಗಿರಬೇಕು, ಆದರೆ ಶಿಕ್ಷಕರಾಗಿರಬಾರದು’. ಇಂಥ ಸಾಲು ಕೋಡಿನಲ್ಲಿ ಎಲ್ಲೇ ಕಂಡರೂ ರೋಲ್‌ಗಳ ಮೂಲ ವಿನ್ಯಾಸವೇ ತಪ್ಪಿದೆ ಎಂದು ತಿಳಿಯಬೇಕು. ಕೊಟ್ಟ ಬಳುವಳಿಯನ್ನು ಒಂದೊಂದು ಪುಟದಲ್ಲೂ ಹಿಂದಕ್ಕೆ ಪಡೆಯಬೇಕಾದರೆ ಅದನ್ನು ಕೊಟ್ಟದ್ದೇ ತಪ್ಪು.

ಮೇಲಿನ ಸಾಲು ಇನ್ನೂ ಅಪಾಯಕಾರಿ. ಖಾತೆ ತೆರೆಯುವುದು, ಪಾಸ್‌ವರ್ಡ್ ಬದಲಿಸುವುದು, ಫೀ ರಸೀದಿ ನೋಡುವುದು ಆಫೀಸಿನವರ ಕೆಲಸ. ಅದಕ್ಕಾಗಿ ಅವರಿಗೆ ಆಡಳಿತಗಾರ ರೋಲ್ ಕೊಟ್ಟ ಕೂಡಲೇ ಎಲ್ಲ ತರಗತಿಗಳ ಎಲ್ಲ ವಿಷಯಗಳ ಮಾರ್ಕ್ಸ್ ತಿದ್ದುವ ಅನುಮತಿಯೂ ಜೊತೆಗೇ ಬಂತು. ಅದನ್ನು ಯಾರೂ ಯೋಚಿಸಿ ಕೊಟ್ಟದ್ದಲ್ಲ. ಆಫೀಸಿನ ಒಬ್ಬರ ಪಾಸ್‌ವರ್ಡ್ ಸೋರಿದರೆ ಸಾಕು, ಇಡೀ ಶಾಲೆಯ ಅಂಕಪಟ್ಟಿಯನ್ನು ನಂಬುವಂತಿಲ್ಲ.

ಸಂಸ್ಥೆಯಲ್ಲಿ ಮೇಲಿನ ಹುದ್ದೆ ಬೇರೆ, ಹೆಚ್ಚು ಅನುಮತಿ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡದ್ದರಿಂದ ಆದ ಎಡವಟ್ಟು ಇದು. ರೋಲ್ ಆಧಾರಿತ ನಿಯಂತ್ರಣವನ್ನು 1992ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಕ್ರಮಬದ್ಧವಾಗಿ ಮಂಡಿಸಿದರು. 1996ರಲ್ಲಿ ರವಿ ಸಂಧು ಮತ್ತು ಸಂಗಡಿಗರು ಅದಕ್ಕೆ ಶ್ರೇಣಿ ಮತ್ತು ಬಳುವಳಿಯ ಮಾದರಿಯನ್ನು ಜೋಡಿಸಿದರು. ಮೇಲಿನವರಿಗೂ ಹೋಗಬಾರದ ಅನುಮತಿಗಳು ಇರುತ್ತವೆ ಎಂಬುದನ್ನು ಆ ಲೇಖನವೇ ಗುರುತಿಸಿ, ಅಂಥವನ್ನು ಖಾಸಗಿ ರೋಲ್ ಆಗಿ ಬೇರೆ ಇಡುವ ದಾರಿ ತೋರಿಸಿತ್ತು. ಮಕ್ಕಳ ಜೊತೆ ಮಾತಾಡುವ ಆಪ್ತ ಸಮಾಲೋಚಕರ ಟಿಪ್ಪಣಿ ಅಂಥದ್ದು. ಮುಖ್ಯೋಪಾಧ್ಯಾಯರು ಹಿರಿಯರೇ ಹೌದು, ಆದರೆ ಮನೆಯ ಕಷ್ಟವನ್ನು ಮಗು ಹೇಳಿಕೊಂಡದ್ದು ಅವರ ಬಳಿಯಲ್ಲ.

ಹಾಗಾದರೆ ಸರಿಯಾಗಿ ಕಟ್ಟುವುದು ಹೇಗೆ? ಮೊದಲು ರೋಲ್‌ಗಳನ್ನು ಪಕ್ಕಕ್ಕಿಟ್ಟು ಕೆಲಸಗಳನ್ನು ಬರೆದುಕೊಳ್ಳಬೇಕು. ನೋಟಿಸ್ ಓದುವುದು, ತನ್ನ ಪ್ರೊಫೈಲ್ ತಿದ್ದುವುದು, ಹೋಂವರ್ಕ್ ಸಲ್ಲಿಸುವುದು, ಅಂಕ ಹಾಕುವುದು, ಅಂಕ ತಿದ್ದುಪಡಿಗೆ ಒಪ್ಪಿಗೆ ಕೊಡುವುದು, ಖಾತೆ ತೆರೆಯುವುದು. ಇವುಗಳಲ್ಲಿ ಎಲ್ಲರಿಗೂ ಸಲ್ಲುವವು ಮೊದಲ ಎರಡು ಮಾತ್ರ. ಅವನ್ನು ‘ಸದಸ್ಯ’ ಎಂಬ ತಳಹದಿಯ ರೋಲ್‌ಗೆ ಕೊಟ್ಟರೆ ಚಿತ್ರ ಹೀಗಾಗುತ್ತದೆ:

```
ROLE_STUDENT > ROLE_MEMBER
ROLE_TEACHER > ROLE_MEMBER
ROLE_OFFICE > ROLE_MEMBER
ROLE_HEAD > ROLE_TEACHER
```

ವಿದ್ಯಾರ್ಥಿ, ಶಿಕ್ಷಕ, ಆಫೀಸು ಈಗ ಅಕ್ಕಪಕ್ಕದಲ್ಲಿವೆ, ಯಾರೂ ಯಾರ ಮೇಲೂ ಇಲ್ಲ. ಹೋಂವರ್ಕ್ ಸಲ್ಲಿಸುವ ಅನುಮತಿ ವಿದ್ಯಾರ್ಥಿಯಲ್ಲೇ ಉಳಿಯಿತು, ಖಾತೆ ತೆರೆಯುವುದು ಆಫೀಸಿನಲ್ಲೇ. ಬಳುವಳಿ ನಿಜಕ್ಕೂ ಒಪ್ಪುವುದು ಕೊನೆಯ ಸಾಲಿಗೆ. ಮುಖ್ಯೋಪಾಧ್ಯಾಯರೂ ಪಾಠ ಮಾಡುತ್ತಾರೆ, ಅಂಕ ಹಾಕುತ್ತಾರೆ. ಶಿಕ್ಷಕರ ಎಲ್ಲ ಕೆಲಸವೂ ಅವರಿಗೆ ಸಲ್ಲುತ್ತದೆ, ಅದರ ಮೇಲೆ ತಿದ್ದುಪಡಿಗೆ ಒಪ್ಪಿಗೆ ಕೊಡುವ ಅಧಿಕಾರವೂ ಇದೆ.

ಇಲ್ಲಿ ಒಂದು ಗಂಟು ಉಳಿಯುತ್ತದೆ. ಪ್ರಕಟವಾದ ಅಂಕ ಬದಲಿಸಲು ಶಿಕ್ಷಕರು ಕೋರಿಕೆ ಸಲ್ಲಿಸಬೇಕು, ಮುಖ್ಯೋಪಾಧ್ಯಾಯರು ಒಪ್ಪಬೇಕು ಎಂಬ ನಿಯಮ ಮಾಡಿದ್ದೇವೆ ಎನ್ನಿ. ಮುಖ್ಯೋಪಾಧ್ಯಾಯರೇ ಹತ್ತನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದರೆ ಕೋರುವವರೂ ಅವರೇ, ಒಪ್ಪುವವರೂ ಅವರೇ. ಎರಡೂ ಅನುಮತಿಗಳು ನ್ಯಾಯವಾಗಿಯೇ ಅವರ ಕೈಯಲ್ಲಿವೆ, ಹಾಗಾಗಿ ರೋಲ್‌ಗಳನ್ನು ಎಷ್ಟು ಅದಲುಬದಲು ಮಾಡಿದರೂ ಇದು ಬಗೆಹರಿಯದು. ಒಪ್ಪಿಗೆಯ ಬಟನ್ ಒತ್ತಿದಾಗ ಆ ಕೋರಿಕೆ ಸಲ್ಲಿಸಿದವರೇ ಇವರಾ ಎಂದು ನೋಡುವ ಇನ್ನೊಂದು ಪರೀಕ್ಷೆ ಬೇಕು. ಹೌದಾದರೆ ಕಡತ ಉಪ ಮುಖ್ಯೋಪಾಧ್ಯಾಯರಿಗೆ ಹೋಗಬೇಕು.

ಇಷ್ಟಾದರೂ ‘ಶಿಕ್ಷಕ’ ಎಂದರೆ ಯಾವ ತರಗತಿಯ ಶಿಕ್ಷಕ ಎಂದು ಇನ್ನೂ ಹೇಳಿಲ್ಲ. ಗಣಿತದ ಮೇಡಂ ಎಂಟನೇ ತರಗತಿಯ ಕನ್ನಡದ ಅಂಕ ತಿದ್ದುವಂತಾಗಬಾರದು. ಅದೇ ಮೇಡಂ ಶಾಲೆ ನಡೆಸುವ ಶಿಕ್ಷಕರ ತರಬೇತಿ ಕೋರ್ಸಿಗೆ ಸೇರಿದರೆ ಅಲ್ಲಿ ಅವರು ನಿಜವಾಗಿಯೂ ವಿದ್ಯಾರ್ಥಿ, ಹೋಂವರ್ಕ್ ಸಲ್ಲಿಸಲೇಬೇಕು. ಆದ್ದರಿಂದ ರೋಲ್ ಅನ್ನು ವ್ಯಕ್ತಿಗೆ ಅಂಟಿಸುವುದರ ಬದಲು ‘ಈ ವ್ಯಕ್ತಿ, ಈ ಕೋರ್ಸಿನಲ್ಲಿ, ಈ ರೋಲ್’ ಎಂದು ಮೂರನ್ನೂ ಸೇರಿಸಿ ದಾಖಲಿಸಬೇಕು.

ಜಗತ್ತಿನ ಅನೇಕ ಶಾಲೆ ಕಾಲೇಜುಗಳು ಬಳಸುವ ಮೂಡಲ್ ಎಂಬ ಮುಕ್ತ ತಂತ್ರಾಂಶ ಹಿಡಿದ ದಾರಿ ಇದೇ. ಅಲ್ಲಿ ಅನುಮತಿ ಒಂದು ರೋಲ್‌ನಿಂದ ಇನ್ನೊಂದು ರೋಲ್‌ಗೆ ಹರಿಯುವುದಿಲ್ಲ. ಇಡೀ ತಾಣದಿಂದ ವಿಭಾಗಕ್ಕೆ, ವಿಭಾಗದಿಂದ ಕೋರ್ಸಿಗೆ, ಕೋರ್ಸಿನಿಂದ ಒಂದು ಹೋಂವರ್ಕಿಗೆ ಹೀಗೆ ಜಾಗದಿಂದ ಜಾಗಕ್ಕೆ ಇಳಿಯುತ್ತದೆ. ವಿಜ್ಞಾನ ವಿಭಾಗದ ಮೇಲೆ ನಿರ್ವಾಹಕ ರೋಲ್ ಕೊಟ್ಟರೆ ಅದು ಆ ವಿಭಾಗದ ಎಲ್ಲ ಕೋರ್ಸುಗಳಿಗೂ ಸಲ್ಲುತ್ತದೆ, ಕನ್ನಡ ವಿಭಾಗಕ್ಕೆ ದಾಟುವುದಿಲ್ಲ. ಹೋಂವರ್ಕ್ ಸಲ್ಲಿಸುವ `mod/assign:submit` ಅನುಮತಿ ಅಲ್ಲಿ ಮೊದಲಿಗೆ ಇರುವುದು ವಿದ್ಯಾರ್ಥಿ ರೋಲ್‌ಗೆ ಮಾತ್ರ. ಪುಟ ಮಕ್ಕಳಿಗೆ ಹೇಗೆ ಕಾಣುತ್ತದೆ ಎಂದು ನೋಡಬೇಕಾದ ಶಿಕ್ಷಕರಿಗೆ, ತಾತ್ಕಾಲಿಕವಾಗಿ ರೋಲ್ ಬದಲಿಸಿ ನೋಡುವ ಸೌಲಭ್ಯವನ್ನು ಬೇರೆಯಾಗಿಯೇ ಕೊಟ್ಟಿದ್ದಾರೆ. ನನ್ನ ಮಟ್ಟಿಗೆ ಶಾಲೆಗೆ ಹೆಚ್ಚು ಹೊಂದುವ ಬಳುವಳಿ ಇದೇ, ಜಾಗದ ಬಳುವಳಿ. ರೋಲ್‌ಗಳ ನಡುವಿನದು ಒಂದು ಹಂತ, ಹೆಚ್ಚೆಂದರೆ ಎರಡು ಹಂತ ಇದ್ದರೆ ಸಾಕು.

ಹೋಂವರ್ಕ್ ಕೊಡದವರ ಪಟ್ಟಿಗೆ ಮತ್ತೆ ಬರೋಣ, ಏಕೆಂದರೆ ಹೊಸ ವಿನ್ಯಾಸದಲ್ಲೂ ಅದರಂಥ ತಪ್ಪು ನುಸುಳಬಹುದು. ಬಾಗಿಲು ತೆರೆಯಬೇಕೇ ಎಂದು ಕೇಳುವಾಗ ಬಳುವಳಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಅಂಕ ಹಾಕುವ ಪುಟ ಮುಖ್ಯೋಪಾಧ್ಯಾಯರಿಗೂ ತೆರೆಯಬೇಕಲ್ಲವೇ. ಯಾರ್‍ಯಾರಿದ್ದಾರೆ ಎಂದು ಪಟ್ಟಿ ಮಾಡುವಾಗ ಮಾತ್ರ ಆ ಕೋರ್ಸಿನಲ್ಲಿ ನೇರವಾಗಿ ಆ ರೋಲ್ ಪಡೆದವರನ್ನಷ್ಟೇ ಎಣಿಸಬೇಕು. ಇವೆರಡಕ್ಕೂ ಒಂದೇ ಫಂಕ್ಷನ್ ಬಳಸಿದರೆ ಆ ತರಗತಿಗೆ ಪಾಠವನ್ನೇ ಮಾಡದ ಮುಖ್ಯೋಪಾಧ್ಯಾಯರ ಹೆಸರು ಅಲ್ಲಿನ ಶಿಕ್ಷಕರ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಶಾಲೆ ತೆರೆಯುವ ಮೊದಲು ಪ್ರತಿ ರೋಲ್‌ಗೂ ಒಂದೊಂದು ಪರೀಕ್ಷಾ ಖಾತೆ ಮಾಡಿ, ಅದಕ್ಕೆ ತೆರೆಯಬಾರದ ಪುಟಗಳ ವಿಳಾಸವನ್ನು ನೇರವಾಗಿ ಟೈಪ್ ಮಾಡಿ ನೋಡಬೇಕು. ಬಟನ್ ಕಾಣದಿದ್ದರೆ ಬಾಗಿಲು ಮುಚ್ಚಿದೆ ಎಂದಲ್ಲ. ಆಫೀಸಿನ ಖಾತೆಯಿಂದ ಒಂಬತ್ತನೇ ತರಗತಿಯ ಅಂಕ ತಿದ್ದುವ ವಿಳಾಸಕ್ಕೆ ಹೋದಾಗ ಸರ್ವರ್‌ನಿಂದ 403 ಎಂಬ ನಿರಾಕರಣೆ ಬರಬೇಕು. ಪುಟ ತೆರೆದುಕೊಂಡರೆ ಆ ಅನುಮತಿ ಯಾವ ಸಾಲಿನಿಂದ ಹರಿದು ಬಂತೆಂದು ಹುಡುಕಿ, ಆ ಸಾಲನ್ನೇ ಕತ್ತರಿಸಬೇಕು.