ಬ್ರೇಕ್ ಆಯಿಲ್ ಎಲ್ಲಿಗೆ ಹೋಯಿತು?

ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಇರುವ ಸಾಮಾನ್ಯ ಸಣ್ಣ ಕಾರೊಂದು ಚಾರ್ಮಾಡಿ ಘಾಟಿ ಇಳಿಯುತ್ತಿದೆ ಎಂದಿಟ್ಟುಕೊಳ್ಳಿ. ತಿರುವು ಬಂದಾಗ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತದೆ, ರಸ್ತೆ ನೇರವಾದರೆ ಆರಿಹೋಗುತ್ತದೆ. ಕೆಳಗಿಳಿದ ಮೇಲೆ ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ‘ಮಿನ್’ ಗೆರೆಗೆ ಬಂದು ನಿಂತಿದೆ. ಸಿಕ್ಕ ಅಂಗಡಿಯಲ್ಲಿ ಒಂದು ಬಾಟಲಿ ಕೊಂಡು ‘ಮ್ಯಾಕ್ಸ್’ವರೆಗೆ ತುಂಬಿಸಿದರೆ ದೀಪ ಮತ್ತೆ ಹತ್ತುವುದಿಲ್ಲ. ಸಮಸ್ಯೆ ಮುಗಿಯಿತು ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ಎಲ್ಲೂ ಸೋರದೆ ಆ ಆಯಿಲ್ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ.

ಅದು ಹೋಗಿದ್ದು ಚಕ್ರದ ಕಡೆಗೆ. ಬ್ರೇಕ್ ಒತ್ತಿದಾಗ ಕ್ಯಾಲಿಪರಿನೊಳಗಿನ ಪಿಸ್ಟನ್ ಮುಂದೆ ಸರಿದು, ಎರಡು ಪ್ಯಾಡುಗಳು ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುತ್ತವೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಇನ್ನಷ್ಟು ಹೊರಗೆ ಬಂದು ಅಲ್ಲೇ ನಿಲ್ಲುತ್ತದೆ. ಅದರ ಹಿಂದೆ ಉಳಿದ ಜಾಗವನ್ನು ತುಂಬಲು ಮೇಲಿನ ಟ್ಯಾಂಕಿನಿಂದ ಆಯಿಲ್ ಇಳಿಯುತ್ತದೆ. ಒಂದು ಲೆಕ್ಕ ಹಾಕಿ ನೋಡಬಹುದು. ಪಿಸ್ಟನ್ನಿನ ವ್ಯಾಸ 54 ಮಿಲಿಮೀಟರ್ ಇದೆ, ಒಂದೊಂದು ಪ್ಯಾಡೂ 8 ಮಿಲಿಮೀಟರ್ ಸವೆದಿದೆ ಎನ್ನೋಣ. ಒಂದೇ ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಎರಡೂ ಪ್ಯಾಡುಗಳ ಸವೆತವನ್ನು ಅದೊಂದೇ ತುಂಬಬೇಕು, ಅಂದರೆ 16 ಮಿಲಿಮೀಟರ್ ಹೊರಗೆ ಬಂದಿರುತ್ತದೆ. ಅದರ ಹಿಂದೆ ಹಿಡಿಯುವ ಆಯಿಲ್ ಸುಮಾರು 37 ಮಿಲಿಲೀಟರ್. ಮುಂದಿನ ಎರಡು ಚಕ್ರಕ್ಕೆ ಸೇರಿ 73 ಮಿಲಿಲೀಟರ್, ಹತ್ತಿರಹತ್ತಿರ ಅರ್ಧ ಲೋಟ. ಸಣ್ಣ ಟ್ಯಾಂಕಿನಲ್ಲಿ ಮಟ್ಟ ಕಣ್ಣಿಗೆ ಕಾಣುವಂತೆ ಇಳಿಯಲು ಇಷ್ಟು ಸಾಕು.

ಕೆಂಪು ದೀಪಕ್ಕೆ ಪ್ಯಾಡಿನ ಸುದ್ದಿ ಏನೂ ಗೊತ್ತಿಲ್ಲ. ಟ್ಯಾಂಕಿನೊಳಗೆ ತೇಲುವ ಒಂದು ಬೆಂಡು ಇರುತ್ತದೆ. ಅದು ಕೆಳಗಿಳಿದರೆ ಸ್ವಿಚ್ ಕೂಡಿ ದೀಪ ಹತ್ತುತ್ತದೆ, ಅಷ್ಟೇ. ತಿರುವಿನಲ್ಲಿ, ಇಳಿಜಾರಿನಲ್ಲಿ ಆಯಿಲ್ ಒಂದು ಬದಿಗೆ ವಾಲುವುದರಿಂದ ಮಟ್ಟ ಗಡಿಯಲ್ಲಿರುವಾಗ ದೀಪ ಮಿನುಗಿ ಆರುತ್ತದೆ. ವೃತ್ತದೊಳಗೆ ಆಶ್ಚರ್ಯಸೂಚಕ, ಅದರ ಎರಡು ಬದಿಗೆ ಕಮಾನಿನಂಥ ಗೆರೆ: ಇದು ಅದರ ಚಿತ್ರ. ಬಹಳ ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿಗೂ ಇದೇ ದೀಪ. ಹಾಗಾಗಿ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಬೇಕು.

ಪ್ಯಾಡಿನ ದೀಪವೇ ಬೇರೆ. ಅದು ಸಾಮಾನ್ಯವಾಗಿ ಹಳದಿ ಬಣ್ಣದ್ದು. ವೃತ್ತದ ಎರಡು ಬದಿಯ ಕಮಾನು ತುಂಡುತುಂಡಾಗಿರುತ್ತದೆ. ಪ್ಯಾಡಿನೊಳಗೆ ಒಂದು ಸಣ್ಣ ತಂತಿ ಹುದುಗಿಸಿರುತ್ತಾರೆ. ಸವೆತ ಆ ಆಳಕ್ಕೆ ಮುಟ್ಟಿದಾಗ ಡಿಸ್ಕ್ ತಂತಿಯನ್ನು ಉಜ್ಜುತ್ತದೆ, ಅದರಿಂದ ದೀಪ ಹತ್ತುತ್ತದೆ. ಒಮ್ಮೆ ಸವೆದು ದೀಪ ಹತ್ತಿಸಿದ ಸೆನ್ಸರನ್ನು ಪ್ಯಾಡಿನ ಜೊತೆಗೇ ಬದಲಿಸಬೇಕು. ನಮ್ಮಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳಿಗೆ ಈ ಸೆನ್ಸರ್ ಇಲ್ಲ. ದುಬಾರಿ ಕಾರುಗಳಲ್ಲಿದ್ದರೂ ಎಲ್ಲ ಚಕ್ರಕ್ಕೂ ಇರಬೇಕೆಂದಿಲ್ಲ. ಹಲವು ಮಾದರಿಗಳಲ್ಲಿ ಮುಂದೆ ಒಂದು, ಹಿಂದೆ ಒಂದು ಚಕ್ರಕ್ಕೆ ಮಾತ್ರ ಇರುತ್ತದೆ. ಸೆನ್ಸರ್ ಇಲ್ಲದ ಬದಿಯ ಕ್ಯಾಲಿಪರ್ ಜಾಮ್ ಆಗಿ ಅಲ್ಲಿನ ಪ್ಯಾಡ್ ಬೇಗ ಸವೆದರೆ ಹಳದಿ ದೀಪ ಹತ್ತುವುದಿಲ್ಲ.

ಸೆನ್ಸರ್ ಇಲ್ಲದ ಕಾರಿಗೆ ಒಂದು ಸರಳ ಉಪಾಯವಿದೆ. ಪ್ಯಾಡಿನ ಹಿಂಬದಿಯ ಕಬ್ಬಿಣದ ತಟ್ಟೆಗೆ ಸ್ಪ್ರಿಂಗ್ ಉಕ್ಕಿನ ಸಣ್ಣ ನಾಲಗೆಯೊಂದನ್ನು ಬಡಿದಿರುತ್ತಾರೆ. ಹೊಸ ಪ್ಯಾಡಿನ ಉಜ್ಜುವ ಪದರ ಸುಮಾರು 10 ಮಿಲಿಮೀಟರ್ ದಪ್ಪ. ಅದು 2–3 ಮಿಲಿಮೀಟರಿಗೆ ಇಳಿದಾಗ ಈ ನಾಲಗೆಯ ತುದಿ ಡಿಸ್ಕಿಗೆ ತಗುಲಿ ‘ಕೀಂಯ್’ ಎಂದು ಸಣ್ಣ ದನಿಯಲ್ಲಿ ಕಿರುಚುತ್ತದೆ. ಮಳೆಯಲ್ಲಿ ನಿಂತ ಕಾರು ಬೆಳಿಗ್ಗೆ ಕಿರುಚಿದರೆ ಅದು ಡಿಸ್ಕಿನ ಮೇಲಿನ ತುಕ್ಕು, ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ನಾಲಗೆಯ ದನಿ ಹಾಗಲ್ಲ. ದಿನವೂ ಬರುತ್ತದೆ, ಚಕ್ರದ ವೇಗಕ್ಕೆ ತಕ್ಕಂತೆ ಏರಿಳಿಯುತ್ತದೆ, ಬ್ರೇಕ್ ಒತ್ತದೆ ಓಡಿಸುವಾಗಲೂ ಕೆಲವೊಮ್ಮೆ ಕೇಳುತ್ತದೆ.

ಈ ದನಿಗೆ ಮಿತಿಯೂ ಇದೆ. ನಾಲಗೆ ಹೆಚ್ಚಾಗಿ ಒಳಬದಿಯ ಪ್ಯಾಡಿಗೆ ಮಾತ್ರ ಇರುತ್ತದೆ. ಅಗ್ಗದ ಪ್ಯಾಡುಗಳಲ್ಲಿ ಇರದೆಯೂ ಇರಬಹುದು. ಹಿಂದಿನ ಡ್ರಮ್ಮಿನ ಲೈನರಿಗೆ ಇದು ಸಾಮಾನ್ಯವಾಗಿ ಇರುವುದಿಲ್ಲ. ಕಿಟಕಿ ಏರಿಸಿ ಹಾಡು ಹಾಕಿಕೊಂಡು ಓಡಿಸುವವರಿಗೆ ಅದು ಕೇಳುವುದೂ ಕಷ್ಟ. ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಕಿಟಕಿ ಇಳಿಸಿ ನಿಧಾನವಾಗಿ ಹೋದರೆ ಗೋಡೆಗೆ ಬಡಿದ ದನಿ ಒಳಗೆ ಸ್ಪಷ್ಟವಾಗಿ ಬರುತ್ತದೆ.

ಕಿರುಚಾಟವನ್ನು ಅಲಕ್ಷಿಸಿದರೆ ಮುಂದೆ ಬರುವುದು ‘ಕರಕರ’. ಪದರ ಪೂರ್ತಿ ಮುಗಿದು ಪ್ಯಾಡಿನ ಕಬ್ಬಿಣದ ತಟ್ಟೆಯೇ ಡಿಸ್ಕನ್ನು ಉಜ್ಜುತ್ತಿದೆ ಎಂದು ಅದರ ಅರ್ಥ. ಪೆಡಲಿನಲ್ಲಿ ಕಾಲಿಗೂ ಆ ಉಜ್ಜಾಟ ಗೊತ್ತಾಗುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಪ್ಯಾಡಿನಂತೆ ಹಿಡಿಯುವುದಿಲ್ಲ, ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಡಿಸ್ಕಿನಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೆರೆಗಳು ಬೀಳುತ್ತವೆ. ಡಿಸ್ಕ್ ಎಷ್ಟು ತೆಳ್ಳಗಾದರೆ ಬಿಸಾಡಬೇಕು ಎಂಬ ಅಳತೆಯನ್ನು ಸಾಮಾನ್ಯವಾಗಿ ಅದರ ಮೇಲೆಯೇ ಕೊರೆದಿರುತ್ತಾರೆ. ಆ ಅಳತೆಗಿಂತ ಕೆಳಗೆ ಹೋದರೆ ಪ್ಯಾಡಿನ ಜೊತೆ ಡಿಸ್ಕೂ ಹೊಸದು ಬೇಕು. ಅಲ್ಲಿಯವರೆಗೂ ಓಡಿಸಿದರೆ ಪಿಸ್ಟನ್ ಮಿತಿಮೀರಿ ಹೊರಗೆ ಬಂದು ಅದರ ಸೀಲ್ ಸೋರುವುದೂ ಉಂಟು. ಆಗ ನಿಜವಾದ ಸೋರಿಕೆ ಶುರು.

ಹಾಗಾದರೆ ಕೆಂಪು ದೀಪ ಕಂಡಾಗ ಸವೆತವೋ ಸೋರಿಕೆಯೋ ಎಂದು ತಿಳಿಯುವುದು ಹೇಗೆ? ಕಾರು ಬದಿಗೆ ನಿಲ್ಲಿಸಿ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಅದು ಮೆತ್ತಗಿದ್ದರೆ, ಮೆಲ್ಲಗೆ ತಳಕ್ಕೆ ಇಳಿಯುತ್ತಾ ಹೋದರೆ, ಚಕ್ರದ ಒಳಬದಿ ಒದ್ದೆಯಾಗಿದ್ದರೆ ಅಥವಾ ಕೆಲವೇ ದಿನಗಳಲ್ಲಿ ಮಟ್ಟ ಇಳಿದಿದ್ದರೆ ಅದು ಸೋರಿಕೆ. ಅಲ್ಲಿಂದ ಕಾರು ಓಡಿಸಬಾರದು, ಟೋ ಮಾಡಿಸಬೇಕು. ಪೆಡಲ್ ಗಟ್ಟಿಯಾಗಿದ್ದು, ಎಲ್ಲೂ ಒದ್ದೆ ಇಲ್ಲದೆ, ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಇಳಿದಿದ್ದರೆ ಸವೆತದ ಅನುಮಾನವೇ ಹೆಚ್ಚು. ಆದರೂ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿ ನೋಡುವವರೆಗೆ ಅದು ಅನುಮಾನವೇ. ಚಕ್ರದ ಸಂದಿಯಿಂದ ಇಣುಕಿದರೆ ಹೊರಬದಿಯ ಪ್ಯಾಡ್ ಮಾತ್ರ ಕಾಣುತ್ತದೆ. ಕ್ಯಾಲಿಪರಿನ ಪಿನ್ನುಗಳು ಧೂಳು ಹಿಡಿದು ಬಿಗಿಯಾದಾಗ ಒಳಬದಿಯದ್ದೇ ಮೊದಲು ಮುಗಿಯುತ್ತದೆ, ಹೊರಗಿನದು ಅರ್ಧ ಉಳಿದಿರುತ್ತದೆ. ಹಾಗಾಗಿ ಒಳಗಿನದನ್ನೂ ತೋರಿಸಲು ಮೆಕ್ಯಾನಿಕ್‌ಗೆ ಹೇಳಬೇಕು.

ಪ್ಯಾಡ್ ನೋಡದೆ ಆಯಿಲ್ ತುಂಬಿಸುವುದರ ಇನ್ನೊಂದು ತೊಂದರೆ ಪ್ಯಾಡ್ ಬದಲಿಸುವ ದಿನ ಗೊತ್ತಾಗುತ್ತದೆ. ಹೊಸ ದಪ್ಪ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಒಳಗೆ ತಳ್ಳಬೇಕು. ಚಕ್ರಕ್ಕೆ ಇಳಿದಿದ್ದ ಆ 73 ಮಿಲಿಲೀಟರ್ ವಾಪಸು ಮೇಲೆ ಬರುತ್ತದೆ. ಟ್ಯಾಂಕ್ ಆಗಲೇ ತುಂಬಿದ್ದರೆ ಉಕ್ಕಿ ಚೆಲ್ಲುತ್ತದೆ, ಬಾಡಿಯ ಬಣ್ಣಕ್ಕೆ ತಗುಲಿದರೆ ಬಣ್ಣವನ್ನೇ ತಿನ್ನುತ್ತದೆ. ತುಂಬಿಸದೆ ಬಿಟ್ಟಿದ್ದರೆ ಮಟ್ಟ ತಾನಾಗಿಯೇ ‘ಮ್ಯಾಕ್ಸ್’ ಹತ್ತಿರ ಬಂದು ನಿಲ್ಲುತ್ತಿತ್ತು.

ಪ್ಯಾಡ್ ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಡುವ ಮುಂಚೆ ನಿಂತಲ್ಲೇ ಪೆಡಲನ್ನು ಹಲವು ಸಲ ಒತ್ತಿ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತು ತಳಕ್ಕೇ ಹೋಗುತ್ತದೆ. ಪೆಡಲ್ ಗಟ್ಟಿಯಾದ ಮೇಲಷ್ಟೇ ಗೇರ್ ಹಾಕಿ.