ಉಪನಯನದ ಕರೆಯೋಲೆ: ಮುಹೂರ್ತ ಒಂದು, ವೇಳೆ ಮೂರು

ಉಪನಯನದ ಪತ್ರಿಕೆ ಬರೆಯಲು ಕುಳಿತರೆ ಮನೆಯಲ್ಲಿ ಚರ್ಚೆಯೆಲ್ಲ ಯಾರ ಹೆಸರು ಮೇಲೆ ಬರಬೇಕು ಎಂಬುದರ ಸುತ್ತಲೇ. ಬರುವವರಿಗೆ ಬೇಕಾದದ್ದು ಮಾತ್ರ ವೇಳೆಯ ಸಾಲು. ಅದನ್ನೇ ನಾವು ಅರ್ಧಂಬರ್ಧ ಬರೆಯುತ್ತೇವೆ.

ಪತ್ರಿಕೆಯಲ್ಲಿ ಕಾಣಿಸುವ ಮುಹೂರ್ತ ಬ್ರಹ್ಮೋಪದೇಶದ್ದು. ಆ ಹೊತ್ತಿಗೆ ವಟುವಿನ ಮೇಲೆ ವಸ್ತ್ರ ಹೊದಿಸಿರುತ್ತಾರೆ, ಒಳಗೆ ತಂದೆ ಅವನ ಕಿವಿಯಲ್ಲಿ ಗಾಯತ್ರಿ ಹೇಳುತ್ತಾನೆ. ನೆಂಟರಿಗೆ ಕಾಣುವುದು ಬಟ್ಟೆ, ಕೇಳುವುದು ವಾದ್ಯ. ಅವರು ನಿಜವಾಗಿ ಪಾಲ್ಗೊಳ್ಳುವುದು ಆಮೇಲಿನ ಭಿಕ್ಷೆಯಲ್ಲಿ: ತಾಯಿ ಮೊದಲು ಅಕ್ಕಿ ಹಾಕುತ್ತಾಳೆ, ಬಳಿಕ ಅತ್ತೆ, ಚಿಕ್ಕಮ್ಮ, ನೆರೆಮನೆಯವರು. ಆದ್ದರಿಂದ ಭಿಕ್ಷೆಯ ವೇಳೆಯನ್ನೂ ಹಾಕುವುದು ಒಳ್ಳೆಯದು. ನಾಂದಿ, ಚೌಲ, ಮಾತೃಭೋಜನ ಮನೆಮಂದಿಗೆ ಸೇರಿದವು. ಬೆಳಿಗ್ಗೆಯೇ ಇರಬೇಕಾದ ಹತ್ತಿರದವರಿಗೆ ಫೋನಿನಲ್ಲಿ ಹೇಳಿದರೆ ಸಾಕು.

2025ರ ಅಕ್ಷಯ ತದಿಗೆಯ ದಿನವನ್ನೇ ಮಾದರಿಗೆ ಇಟ್ಟುಕೊಂಡು ಬರೆದರೆ ಹೀಗಾಗುತ್ತದೆ:

"ಸ್ವಸ್ತಿಶ್ರೀ ವಿಶ್ವಾವಸು ನಾಮ ಸಂವತ್ಸರದ ಉತ್ತರಾಯಣ, ವಸಂತ ಋತು, ವೈಶಾಖ ಶುದ್ಧ ತೃತೀಯಾ, ರೋಹಿಣಿ ನಕ್ಷತ್ರ, ಬುಧವಾರ (30-4-2025) ಬೆಳಿಗ್ಗೆ 10-05ರಿಂದ 10-40ರವರೆಗಿನ ಮಿಥುನ ಲಗ್ನದಲ್ಲಿ ನಮ್ಮ ಜ್ಯೇಷ್ಠ ಪುತ್ರ ಚಿ|| ...ನ ಬ್ರಹ್ಮೋಪದೇಶ. ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಟುವನ್ನು ಆಶೀರ್ವದಿಸಬೇಕಾಗಿ ವಿನಂತಿ.
ಭಿಕ್ಷೆ: 11-15ಕ್ಕೆ. ಭೋಜನ: ಮಧ್ಯಾಹ್ನ 12-30ರಿಂದ."

ಎಡವುವುದು ತಿಥಿಯಲ್ಲಿ. ತಾರೀಖಿನಂತೆ ತಿಥಿ ನಡುರಾತ್ರಿ ಬದಲಾಗುವುದಿಲ್ಲ. ಆ ಬುಧವಾರ ತೃತೀಯಾ ಮಧ್ಯಾಹ್ನ ಎರಡರ ಸುಮಾರಿಗೆ ಮುಗಿದು ಚತುರ್ಥಿ ಬಂತು. ಬೆಳಗಿನ ಮುಹೂರ್ತವಾದ್ದರಿಂದ ತೃತೀಯಾ ಎಂದು ಬರೆದದ್ದು ಸರಿ. ಮುಹೂರ್ತದ ಹೊತ್ತಿಗೆ ಯಾವುದು ಇದೆಯೋ ಅದೇ ಪತ್ರಿಕೆಗೆ. ಲಗ್ನವೂ ಹಾಗೆಯೇ: ಒಂದು ಲಗ್ನ ಹೆಚ್ಚುಕಡಿಮೆ ಎರಡು ಗಂಟೆ ಇರುತ್ತದೆ, ಪುರೋಹಿತರು ಅದರೊಳಗಿನ ಒಂದು ತುಣುಕನ್ನು ಆರಿಸಿಕೊಡುತ್ತಾರೆ. ಲಗ್ನದ ಹೆಸರಷ್ಟೇ ಹಾಕಿ ಗಂಟೆ ಬಿಟ್ಟರೆ ಪಂಚಾಂಗ ಬಲ್ಲವರಿಗೆ ಮಾತ್ರ ಅರ್ಥವಾಗುತ್ತದೆ.

ಊಟದ ಸಾಲಿಗೆ "ಮುಹೂರ್ತಾನಂತರ ಭೋಜನ" ಎಂಬುದು ಹಳೆಯ ರೂಢಿ. ಕೇಳಲು ಚೆನ್ನ, ಆದರೆ ಕಚೇರಿಗೆ ಅರ್ಧ ದಿನ ರಜೆ ಹಾಕಿ ಬರುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಗಂಟೆ ಹಾಕಿ. ಬೆಳಗಿನ ಉಪಾಹಾರ ಇದ್ದರೆ ಅದನ್ನೂ ಬರೆಯಿರಿ, ಇಲ್ಲದಿದ್ದರೆ ದೂರದೂರಿನಿಂದ ಬಂದವರು ಹಸಿದುಕೊಂಡು ಹನ್ನೆರಡೂವರೆಗೆ ಕಾಯುತ್ತಾರೆ. ಉಡುಗೊರೆ ಬೇಡ ಎಂಬ ಮಾತಿದ್ದರೆ ಊಟದ ಸಾಲಿಗೆ ಅಂಟಿಸದೆ ಕೊನೆಯಲ್ಲಿ ಬೇರೆಯಾಗಿ "ಆಶೀರ್ವಾದವೇ ಉಡುಗೊರೆ" ಎಂದು ಹಾಕಿ.

ಅಚ್ಚಿಗೆ ಕೊಡುವ ಮುಂಚೆ ಕರಡನ್ನು ಪುರೋಹಿತರಿಗೂ ಅಡುಗೆಯವರಿಗೂ ಒಮ್ಮೆ ತೋರಿಸಿಬಿಡಿ. ಅವರು ತಿಥಿ ನೋಡುತ್ತಾರೆ, ಇವರು 12-30 ನೋಡುತ್ತಾರೆ.