ಬಣ್ಣವಲ್ಲ, ಹತ್ತು ನಿಮಿಷದ ಮಾತು

2025ರ ಆಗಸ್ಟ್‌ನಲ್ಲಿ ನಮ್ಮ ಮೆಟ್ರೊದ ಹಳದಿ ಮಾರ್ಗ ಶುರುವಾದ ಮೇಲೆ ಹೆಬ್ಬಗೋಡಿಯಿಂದ ಆರ್.ವಿ. ರಸ್ತೆಗೆ ಹೋಗುವುದು ಸುಲಭವಾಗಿದೆ. ಕಷ್ಟವಿರುವುದು ಸ್ಟೇಷನ್ ಮೆಟ್ಟಿಲು ಇಳಿದ ಮೇಲೆ. ತಿರುಪಾಳ್ಯದ ಕಡೆಗೋ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದ ಒಳಗಿನ ಫ್ಯಾಕ್ಟರಿಗೋ ಇನ್ನೂ ಎರಡು ಮೂರು ಕಿಲೋಮೀಟರ್ ಹೋಗಬೇಕು. ನನ್ನ ಬಿ.ಇ. ಗೆಳೆಯರನ್ನು ‘ಬಸ್ಸಿಗೆ ಯಾಕೆ ಕಾಯಲ್ಲ?’ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.’ ಇಂಟರ್‌ವ್ಯೂಗೆ ಹೊರಟವರು, ಶಿಫ್ಟ್‌ಗೆ ಹಾಜರಿ ಹಾಕಬೇಕಾದವರು ಇಂಥ ಲೆಕ್ಕವನ್ನು ನಂಬಿ ನಿಲ್ಲುವುದಿಲ್ಲ. ಆಟೊ ಹತ್ತುತ್ತಾರೆ.

ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ಸಲಹೆ, ಬಸ್ಸಿಗೆ ಹೊಸ ಹೆಸರು, ಹೊಸ ಬಣ್ಣ ಕೊಡಿ ಎನ್ನುವುದು. ಬೆಂಗಳೂರಿನಲ್ಲಿ ಇದು ಆಗಲೇ ನಡೆದಿದೆ, ಒಂದಕ್ಕಿಂತ ಹೆಚ್ಚು ಸಲ.

ಬಿಎಂಟಿಸಿ 2006ರಲ್ಲಿ ವೋಲ್ವೊ ಬಸ್‌ಗಳನ್ನು ನಗರದ ರಸ್ತೆಗೆ ಇಳಿಸಿತು. ಆ ಸೇವೆಗೆ ‘ವಜ್ರ’ ಎಂಬ ಹೆಸರು ಬಂತು. 2008ರಲ್ಲಿ ದೇವನಹಳ್ಳಿ ಬಳಿ ಹೊಸ ವಿಮಾನ ನಿಲ್ದಾಣ ತೆರೆದಾಗ ‘ವಾಯು ವಜ್ರ’ ಬಂತು. ಎಲೆಕ್ಟ್ರಾನಿಕ್ ಸಿಟಿಯವರಿಗೆ ಕೆಐಎ-8 ಎಂದರೆ ಏನು ಎಂದು ವಿವರಿಸಬೇಕಿಲ್ಲ. ಹೆಸರು ಕೇಳಿದೊಡನೆ ಎಲ್ಲಿಗೆ ಹೋಗುತ್ತದೆ, ಲಗೇಜ್‌ಗೆ ಜಾಗ ಇದೆ, ನಡುರಾತ್ರಿಯ ವಿಮಾನಕ್ಕೂ ಬಸ್ ಉಂಟು ಎಂಬುದೆಲ್ಲ ತಿಳಿಯುತ್ತದೆ. ಇಲ್ಲಿ ಹೆಸರೇ ಒಂದು ಮಾತು ಕೊಟ್ಟಂತೆ. ಆ ಮಾತು ನಿಂತಿದೆಯೋ ಇಲ್ಲವೋ ಎಂದು ಪ್ರಯಾಣಿಕನೇ ನೋಡಿಕೊಳ್ಳಬಹುದು.

ಇನ್ನೊಂದು ಪ್ರಯೋಗ ‘ಬಿಗ್ 10’. ನಗರಕ್ಕೆ ಬಂದು ಸೇರುವ ಮುಖ್ಯ ರಸ್ತೆಗಳಲ್ಲಿ ನೇರವಾಗಿ ಓಡುವ ಹಸಿರು ಬಸ್‌ಗಳು, ನಂಬರ್ ಹಿಂದೆ ‘ಜಿ’ ಅಕ್ಷರ. ಬ್ರಿಗೇಡ್ ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಬರುತ್ತಿದ್ದದ್ದು ಜಿ-3. ಒಂದು ರಸ್ತೆಗೆ ಒಂದು ನಂಬರ್ ಎಂಬ ಆಲೋಚನೆ ಚೆನ್ನಾಗಿತ್ತು. ಆದರೆ ಇಂದು ನನ್ನ ವಯಸ್ಸಿನವರಲ್ಲಿ ಆ ಹೆಸರು ಹೇಳಿದರೆ ಗುರುತಿಸುವವರು ಕಡಿಮೆ. ಇಂಥ ಹೆಸರು ಸವೆಯುವುದು ಡಿಪೊದಲ್ಲಿ. ಹಸಿರು ಬಸ್ ರಿಪೇರಿಗೆ ನಿಂತ ದಿನ ಆ ಮಾರ್ಗಕ್ಕೆ ಬೇರೆ ಬಣ್ಣದ್ದು ಹೋಗುತ್ತದೆ, ಹಸಿರು ಬಸ್ ಬೇರೆ ಮಾರ್ಗಕ್ಕೆ ಹೋಗುತ್ತದೆ. ಇದು ನಾಲ್ಕು ಸಲ ನಡೆದರೆ ಸಾಕು, ಬಣ್ಣ ನೋಡಿ ಬಸ್ ಹತ್ತುವುದನ್ನು ಜನ ಬಿಟ್ಟುಬಿಡುತ್ತಾರೆ.

ದಕ್ಷಿಣ ಕೊರಿಯಾದ ಸೋಲ್ ನಗರ ಇದೇ ಕೆಲಸವನ್ನು 2004ರ ಜುಲೈ 1ರಂದು ಇಡೀ ನಗರಕ್ಕೆ ಮಾಡಿತು. ದೂರದ ಮುಖ್ಯ ಮಾರ್ಗಕ್ಕೆ ನೀಲಿ, ಬಡಾವಣೆಯಿಂದ ಮೆಟ್ರೊಗೆ ಮುಟ್ಟಿಸುವ ಫೀಡರ್‌ಗೆ ಹಸಿರು, ಹೊರವಲಯದ ವೇಗದ ಬಸ್ಸಿಗೆ ಕೆಂಪು, ನಗರದ ಒಳಗೇ ಸುತ್ತುವುದಕ್ಕೆ ಹಳದಿ. ಮೊದಲ ದಿನಗಳಲ್ಲಿ ಕಾರ್ಡ್ ಯಂತ್ರಗಳು ಕೈಕೊಟ್ಟು ಜನ ಬೈದರು. ಆದರೂ ಬಣ್ಣಗಳು ಉಳಿದವು. ಏಕೆಂದರೆ ಬಣ್ಣದ ಹಿಂದೆ ಲೆಕ್ಕವೂ ಬದಲಾಗಿತ್ತು. ಮೊದಲು ಬಸ್ ಕಂಪನಿಗಳ ಆದಾಯ ಟಿಕೆಟ್‌ನಿಂದ ಬರುತ್ತಿತ್ತು. ಹಾಗಾಗಿ ಪ್ರಯಾಣಿಕರಿಗಾಗಿ ರೇಸ್ ನಡೆಯುತ್ತಿತ್ತು. ಆಮೇಲೆ ಓಡಿದ ಕಿಲೋಮೀಟರ್‌ಗೆ ಹಣ ಸಿಗತೊಡಗಿತು, ಮಾರ್ಗ ಯಾವುದೆಂದು ನಗರಾಡಳಿತ ತೀರ್ಮಾನಿಸಿತು.

ಹಾಗಾದರೆ ಹೆಬ್ಬಗೋಡಿಯ ಫೀಡರ್ ಬಸ್ ಯಾವ ಮಾತು ಕೊಡಬೇಕು? ನನ್ನ ಪ್ರಕಾರ ಒಂದೇ ಮಾತು ಸಾಕು: ಎಷ್ಟು ನಿಮಿಷಕ್ಕೊಂದು ಬಸ್. ಆದರೆ ಇದನ್ನು ಅಳೆಯುವಾಗ ಎಡವುವುದು ಸುಲಭ.

ಒಂದು ಸ್ಟಾಪ್‌ಗೆ ಗಂಟೆಗೆ ಆರು ಬಸ್ ಎಂದಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೊಂದು ಬಂದರೆ, ಯಾವುದೋ ಹೊತ್ತಿಗೆ ಬಂದು ನಿಲ್ಲುವವರು ಸರಾಸರಿ ಐದು ನಿಮಿಷ ಕಾಯುತ್ತಾರೆ. ಈಗ ಅದೇ ಆರು ಬಸ್ ಜೋಡಿಜೋಡಿಯಾಗಿ ಬರಲಿ: 18 ನಿಮಿಷ ಖಾಲಿ, ಆಮೇಲೆ ಎರಡೇ ನಿಮಿಷದ ಅಂತರದಲ್ಲಿ ಎರಡು ಬಸ್. ಗಂಟೆಯ 60 ನಿಮಿಷಗಳಲ್ಲಿ 54 ನಿಮಿಷ ಆ ದೊಡ್ಡ ಅಂತರಗಳಿಗೇ ಸೇರುತ್ತದೆ. ಅಂದರೆ ಹತ್ತರಲ್ಲಿ ಒಂಬತ್ತು ಜನ ಅದರಲ್ಲೇ ಸಿಕ್ಕಿಬಿದ್ದು ಸರಾಸರಿ ಒಂಬತ್ತು ನಿಮಿಷ ಕಾಯುತ್ತಾರೆ. ಉಳಿದ ಒಬ್ಬರಿಗೆ ಮಾತ್ರ ಒಂದು ನಿಮಿಷ. ಒಟ್ಟು ಸರಾಸರಿ 8.2 ನಿಮಿಷ. ಡಿಪೊ ರಿಜಿಸ್ಟರ್‌ನಲ್ಲಿ ಎರಡೂ ದಿನ ಆರೇ ಟ್ರಿಪ್. ಆದರೆ ಜನ ಕಾದದ್ದು 3.2 ನಿಮಿಷ ಹೆಚ್ಚು. ಈ ಹೆಚ್ಚುವರಿ ಕಾಯುವಿಕೆಯನ್ನೇ ಲಂಡನ್‌ನಲ್ಲಿ ಅಳೆದು, ಬಸ್ ನಡೆಸುವ ಕಂಪನಿಗಳಿಗೆ ಬೋನಸ್ ಕೊಡುತ್ತಾರೆ ಅಥವಾ ಹಣ ಹಿಡಿಯುತ್ತಾರೆ.

ಬಸ್‌ಗಳು ಜೋಡಿಯಾಗುವುದು ಡ್ರೈವರ್‌ನ ಸೋಮಾರಿತನದಿಂದಲ್ಲ. ಒಂದು ಬಸ್ ಸ್ವಲ್ಪ ತಡವಾದರೆ ಸ್ಟಾಪ್‌ನಲ್ಲಿ ಜನ ಹೆಚ್ಚಾಗಿರುತ್ತಾರೆ. ಅವರು ಹತ್ತಿ ಇಳಿಯುವಷ್ಟರಲ್ಲಿ ಇನ್ನಷ್ಟು ತಡ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಓಡಿಬಂದು ಬೆನ್ನಿಗೆ ಹತ್ತುತ್ತದೆ. ಮಾರ್ಗ ಉದ್ದವಾದಷ್ಟೂ ಈ ರೋಗ ಜಾಸ್ತಿ. ಮೆಜೆಸ್ಟಿಕ್‌ನಿಂದ ಸಿಲ್ಕ್ ಬೋರ್ಡ್ ದಾಟಿ ಬರುವ ಬಸ್ ಹತ್ತು ನಿಮಿಷದ ಮಾತು ಕೊಟ್ಟರೆ ಉಳಿಸಿಕೊಳ್ಳುವುದು ಕಷ್ಟ. ಸಿಲ್ಕ್ ಬೋರ್ಡ್ ಮುಖವನ್ನೇ ನೋಡದ ಚಿಕ್ಕ ಫೀಡರ್ ಕೊಡಬಹುದು.

ಲೆಕ್ಕ ಹಾಕಿ ನೋಡೋಣ. ಹೆಬ್ಬಗೋಡಿ ಸ್ಟೇಷನ್‌ನಿಂದ ಹೊರಟು ಒಂದು ಸುತ್ತು ಹಾಕಿ ಬರಲು 40 ನಿಮಿಷ, ತುದಿಯಲ್ಲಿ ನಿಲ್ಲಲು 10 ನಿಮಿಷ ಎಂದುಕೊಳ್ಳೋಣ. ಒಟ್ಟು 50. ಹತ್ತು ನಿಮಿಷಕ್ಕೊಂದು ಬೇಕಾದರೆ ಐದು ಬಸ್ ಬೇಕು. ರಿಪೇರಿ ದಿನಕ್ಕೆ ಅದೇ ಬಣ್ಣದ ಆರನೆಯದೊಂದು. ತುದಿಯ ಆ ಹತ್ತು ನಿಮಿಷವನ್ನು ದಂಡ ಎನ್ನಬಾರದು. ತಡವಾಗಿ ಬಂದ ಬಸ್ ಕಡಿಮೆ ನಿಂತು, ಬೇಗ ಬಂದದ್ದು ಹೆಚ್ಚು ನಿಂತು ಅಂತರ ಸರಿಯಾಗುವುದು ಅಲ್ಲೇ. ಸಿಗುವುದು ನಾಲ್ಕೇ ಬಸ್ ಎಂದಾದರೆ ಅಂತರ 12 ನಿಮಿಷ ದಾಟುತ್ತದೆ. ಆಗ ಬೋರ್ಡ್ ಮೇಲೆ ‘15 ನಿಮಿಷಕ್ಕೊಂದು’ ಎಂದೇ ಬರೆಯಬೇಕು.

ಇನ್ನೊಂದು ಎಚ್ಚರ ಬೇಕು. ಮರುನಾಮಕರಣ ಎಂದ ಕೂಡಲೇ ಎಸಿ ಬಸ್ ತರುವ ಆಸೆ ಹುಟ್ಟುತ್ತದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಎಸಿ ಬಸ್‌ಗಳಿಗೆ ಅನ್ವಯಿಸುವುದಿಲ್ಲ. ಈ ಭಾಗದ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕಂದಿರು ಆ ಹೊಸ ಬಸ್ಸನ್ನು ಬಿಟ್ಟು ಹಳೆಯದಕ್ಕೇ ಕಾಯಬೇಕಾಗುತ್ತದೆ. ಹೊಸ ಹೆಸರು ಸಾಮಾನ್ಯ ಬಸ್ಸಿಗೇ ಸಿಗಬೇಕು.

ಜನ ನಂಬಿದರೋ ಇಲ್ಲವೋ ತಿಳಿಯಲು ಸಮೀಕ್ಷೆ ಬೇಕಿಲ್ಲ. ಒಂದು ವಾಚು, ಒಂದು ನೋಟ್‌ಬುಕ್ ಹಿಡಿದು ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಸ್ಟಾಪ್‌ನಲ್ಲಿ ಕುಳಿತು ಎರಡು ಬಸ್‌ಗಳ ನಡುವಿನ ಅಂತರ ಬರೆದುಕೊಂಡರೆ ಸಾಕು. ಜೊತೆಗೆ, ಬಸ್ ಈಗಷ್ಟೇ ಹೋಗಿದ್ದನ್ನು ಕಂಡವರನ್ನು ಗಮನಿಸಿ. ಅವರು ಆಟೊಗೆ ಕೈ ಅಡ್ಡ ಹಾಕಿದರೆ ಬೋರ್ಡಿನ ಮಾತಿಗೆ ಇನ್ನೂ ಬೆಲೆ ಬಂದಿಲ್ಲ ಎಂದರ್ಥ. ‘ಇನ್ನೊಂದು ಬರುತ್ತೆ ಬಿಡು’ ಎಂದು ನಿಂತುಕೊಂಡರೆ ಬಂದಿದೆ.